ಸಿಯೋಲಿನ ಫಾರ್ಮ್, ಗುಲ್ವಾಡಿಯ ವಿಳಾಸ

ಹಾಸ್ಟೆಲ್‌ಗಳಲ್ಲಿ ಕೊರಿಯನ್ ಸೀರಿಯಲ್ ನೋಡಿ ನೋಡಿ ಹಂಗುಲ್ ಅಕ್ಷರ ಕಲಿತವರು ನಮ್ಮಲ್ಲಿ ಈಗ ಬೇಕಾದಷ್ಟು ಜನ ಇದ್ದಾರೆ. ಅದರ ಹಿಂದೆಯೇ ಕೊರಿಯಾದ ಡೇಟಿಂಗ್, ಚಾಟಿಂಗ್ ಆ್ಯಪ್‌ಗಳೂ ಫೋನಿಗೆ ಬಂದಿವೆ. ಸಿಯೋಲಿನ ಹೈಪರ್‌ಕನೆಕ್ಟ್ ಕಂಪನಿ 2014ರಲ್ಲಿ ಶುರು ಮಾಡಿದ ಅಜಾರ್‌ನ ಹೆಸರು ಹೆಚ್ಚಿನವರಿಗೆ ಗೊತ್ತು. ಆ ಕಂಪನಿಯನ್ನು 2021ರಲ್ಲಿ ಟಿಂಡರ್‌ನ ಮಾಲೀಕರಾದ ಮ್ಯಾಚ್ ಗ್ರೂಪ್ ಕೊಂಡುಕೊಂಡಿತು. ಇಂಥ ಆ್ಯಪ್ ಬಳಸಬೇಕೋ ಬೇಡವೋ ಎನ್ನುವ ಉಪದೇಶ ನಾವು ಮಾಡುವುದಿಲ್ಲ. ನಮ್ಮ ವಾದ ಇಷ್ಟೇ: ಈ ಆ್ಯಪ್‌ಗಳ ಫಾರ್ಮ್ ಮಹಾನಗರದ ಅಳತೆಗೆ ಹೊಲಿದ ಅಂಗಿ. ಅದನ್ನು ಗುಲ್ವಾಡಿಯಂಥ ಊರಲ್ಲಿ ಕೂತು ಹಾಗೇ ತುಂಬಿಸಿದರೆ, ಹೆಸರು ಬರೆಯದಿದ್ದರೂ ವಿಳಾಸ ಕೊಟ್ಟಂತೆ.

ಹೇಗೆ ಅಂತ ಲೆಕ್ಕ ಹಾಕಿ ನೋಡುವ. ಒಂದು ಊರಿನಲ್ಲಿ 4000 ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಹತ್ತೊಂಬತ್ತು ವರ್ಷದವರು ಸುಮಾರು 60, ಹುಡುಗಿಯರು 30, ಅವರಲ್ಲಿ ಇಂಜಿನಿಯರಿಂಗ್ ಓದುವವರು 6. ಎತ್ತರದ ಫಿಲ್ಟರ್ ಮೂರರಲ್ಲಿ ಒಬ್ಬರನ್ನು ಮಾತ್ರ ಉಳಿಸಿದರೆ 2. ಇವೆಲ್ಲ ನಾವು ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು, ಆದರೆ ಇಳಿಯುವ ರೀತಿ ಹೀಗೇ. ವಯಸ್ಸು, ಲಿಂಗ, ಓದು, ಎತ್ತರ ಎನ್ನುವ ನಾಲ್ಕು ಸಾಧಾರಣ ಉತ್ತರಗಳಿಗೆ ಇಬ್ಬರೇ ಉಳಿದರು. ಸುಮಾರು 93 ಲಕ್ಷ ಜನರಿರುವ ಸಿಯೋಲಿನಲ್ಲಿ ಇದೇ ಪ್ರಮಾಣ ಹಿಡಿದರೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನ ಉಳಿಯುತ್ತಾರೆ. ಅಲ್ಲಿ ಆ ಉತ್ತರಗಳು ಜನಸಂದಣಿಯಲ್ಲಿ ಮುಳುಗಿಹೋಗುತ್ತವೆ. ಇಲ್ಲಿ ಉಳಿದ ಇಬ್ಬರಲ್ಲಿ ನೀವು ಯಾರು ಅಂತ ಹೇಳಲು ಬಸ್ ಸ್ಟ್ಯಾಂಡಲ್ಲಿ ನಿಂತ ಯಾರಾದರೂ ಸಾಕು.

ಫಿಲ್ಟರ್ ಅಂದರೆ ನಮಗೆ ಬೇಕಾದವರನ್ನು ಹುಡುಕುವ ಸಾಧನ ಅಂತಲೇ ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ನಾವು ತುಂಬಿಸಿದ ಪ್ರತಿ ಕಾಲಂ ಇನ್ನೊಬ್ಬರ ಕೈಯಲ್ಲಿ ನಮ್ಮನ್ನು ಸೋಸುವ ಜರಡಿಯೂ ಹೌದು. ಆದ್ದರಿಂದ ಕಡ್ಡಾಯ ಅಲ್ಲದ ಕಾಲಂ ಖಾಲಿ ಬಿಡುವುದು ಸೋಮಾರಿತನ ಅಲ್ಲ, ಜರಡಿಯ ಕಣ್ಣು ದೊಡ್ಡದು ಮಾಡುವ ಕೆಲಸ. ಯಾವುದು ಕಡ್ಡಾಯ ಅಂತ ತಿಳಿಯುವುದೂ ಕಷ್ಟ ಇಲ್ಲ. ಕೊರಿಯಾದ ಒಪ್ಪಿಗೆ ಪರದೆಗಳಲ್ಲಿ ಸಾಮಾನ್ಯವಾಗಿ ಪ್ರತಿ ಸಾಲಿನ ಪಕ್ಕ 필수 ಅಥವಾ 선택 ಅಂತ ಬರೆದಿರುತ್ತದೆ. ಮೊದಲನೆಯದು ಕಡ್ಡಾಯ, ಎರಡನೆಯದು ನಿಮ್ಮ ಇಷ್ಟ. ತೊಂದರೆ ಮೇಲುಗಡೆಯ 전체 동의, ಅಂದರೆ 'ಎಲ್ಲಕ್ಕೂ ಒಪ್ಪಿಗೆ' ಎನ್ನುವ ಗುಂಡಿಯಲ್ಲಿದೆ. ಅದನ್ನು ಒಮ್ಮೆ ಒತ್ತಿದರೆ ಜಾಹೀರಾತು ಸಂದೇಶದಂಥ ಇಷ್ಟದ ಸಾಲುಗಳಿಗೂ ಟಿಕ್ ಬೀಳುತ್ತದೆ. ಒಂದೊಂದಾಗಿ ಟಿಕ್ ಮಾಡಲು ಅರ್ಧ ನಿಮಿಷ ಹಿಡಿದೀತು ಅಷ್ಟೇ.

ಭಾಷೆಯಲ್ಲೂ ಎಡವಲು ಜಾಗ ಇದೆ. 직업 ಅಂದರೆ ಉದ್ಯೋಗದ ಬಗೆ, 직장 ಅಂದರೆ ಕೆಲಸ ಮಾಡುವ ಜಾಗ. 학력 ಅಂದರೆ ಎಷ್ಟು ಓದಿದ್ದೀರಿ, 학교 ಅಂದರೆ ಯಾವ ಶಾಲೆ ಅಥವಾ ಕಾಲೇಜು. ಫೋನಿನ ಅನುವಾದ ಮೊದಲ ಜೋಡಿಯನ್ನು ಬರೀ 'ಕೆಲಸ' ಅಂತಲೂ ಎರಡನೆಯದನ್ನು 'ಶಿಕ್ಷಣ' ಅಂತಲೂ ತೋರಿಸಿಬಿಡಬಹುದು. 'ಪದವಿ ವಿದ್ಯಾರ್ಥಿ' ಅಂತ ಬರೆದರೆ ಮುಗಿಯುವಲ್ಲಿ ನಾವು ಕಾಲೇಜಿನ ಪೂರ್ತಿ ಹೆಸರು, ಬ್ರಾಂಚು, ಸೆಮಿಸ್ಟರು ಎಲ್ಲ ಬರೆದು ಕೂರುತ್ತೇವೆ. ಈ ನಾಲ್ಕು ಪದಗಳ ವ್ಯತ್ಯಾಸ ತಿಳಿದರೆ ಅರ್ಧ ಅಪಾಯ ಅಲ್ಲೇ ಕಡಿಮೆ.

ಇನ್ನು ಪ್ರಶ್ನೆಗಳು. 'ವಾರಾಂತ್ಯದಲ್ಲಿ ಏನು ಮಾಡ್ತೀರಿ?' ಅಂತ ಕೇಳುತ್ತಾರೆ. 'ಓದ್ತೇನೆ, ತಿರುಗಾಡ್ತೇನೆ' ಎನ್ನುವುದು ಸ್ವಭಾವದ ಉತ್ತರ. 'ಪ್ರತಿ ಭಾನುವಾರ ಸಂಜೆ ಕೋಡಿ ಬೀಚಲ್ಲಿ ಇರ್ತೇನೆ' ಎನ್ನುವುದು ವೇಳಾಪಟ್ಟಿ. ನಮ್ಮ ಕಡೆ ಹೊಸಬರು ಸಿಕ್ಕರೆ 'ಊರ್ ಯಾವ್ದ್? ಮನಿ ಎಲ್ಲಿ? ಯಾರ್ ಮಗಳ್?' ಅಂತ ಮೂರು ಪ್ರಶ್ನೆ ಕೇಳುತ್ತಾರೆ, ಮೂರಕ್ಕೆ ಗುರುತು ಸಿಕ್ಕಿಬಿಡುತ್ತದೆ. ಹೆಸರಿನ ಜತೆ ಊರು ಸೇರಿಸುವ ಪದ್ಧತಿಯೂ ನಮ್ಮದೇ. 1899ರಲ್ಲಿ 'ಇಂದಿರಾಬಾಯಿ' ಕಾದಂಬರಿ ಬರೆದ ಗುಲ್ವಾಡಿ ವೆಂಕಟರಾಯರಿಗೆ ಅದು ಗೌರವ. ಆ್ಯಪ್‌ನ ಯೂಸರ್‌ನೇಮ್‌ನಲ್ಲಿ ಅದೇ ಊರಿನ ಹೆಸರು ಹಾಕಿದರೆ ಮೊದಲ ಪ್ರಶ್ನೆಗೆ ಕೇಳುವ ಮೊದಲೇ ಉತ್ತರ ಕೊಟ್ಟಂತಾಯ್ತು.

ಆಮೇಲೆ ದೂರ. 'ದೂರ ತೋರಿಸಬೇಡ' ಎನ್ನುವ ಟಾಗಲ್ ಇದ್ದರೆ ನಾವು ನಿಶ್ಚಿಂತೆಯಿಂದ ಇರುತ್ತೇವೆ. ಆದರೆ ಆ ಟಾಗಲ್ ಮುಚ್ಚುವುದು ಪರದೆ ಮೇಲಿನ ಅಂಕಿಯನ್ನು, ಲೆಕ್ಕವನ್ನಲ್ಲ. ಟಿಂಡರ್‌ನ ಸರ್ವರ್ ಬಳಕೆದಾರರ ನಡುವಿನ ದೂರವನ್ನು ತೀರಾ ನಿಖರವಾಗಿ ಕಳಿಸುತ್ತಿತ್ತು, ಮೂರು ಕಡೆಯಿಂದ ಅಳೆದು ಮೂರು ವೃತ್ತ ಎಳೆದರೆ ಮನೆ ಸಿಗುತ್ತಿತ್ತು ಅಂತ ಭದ್ರತಾ ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಅಷ್ಟೊತ್ತಿಗೆ ಕಂಪನಿ ಅದನ್ನು ಸರಿಪಡಿಸಿತ್ತು. 2016ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಸಂಶೋಧಕರು ಗ್ರೈಂಡರ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ದೂರದ ಅಂಕಿ ಮುಚ್ಚಿದರೂ ಪಟ್ಟಿಯಲ್ಲಿ ಯಾರ ನಂತರ ಯಾರು ಬರುತ್ತಾರೆ ಎನ್ನುವ ಕ್ರಮದಿಂದಲೇ ಜಾಗ ಹಿಡಿಯಬಹುದು ಅಂತ ತೋರಿಸಿದರು.

ಹಾಗಾಗಿ ದೂರವನ್ನು ಆ್ಯಪ್ ಒಳಗೆ ಮುಚ್ಚುವುದಕ್ಕಿಂತ ಫೋನಲ್ಲೇ ತಡೆಯುವುದು ಒಳ್ಳೆಯದು. ಆಂಡ್ರಾಯ್ಡ್ 12ರಿಂದ ಲೊಕೇಶನ್ ಅನುಮತಿ ಕೇಳುವಾಗ Precise ಮತ್ತು Approximate ಅಂತ ಎರಡು ಆಯ್ಕೆ ಬರುತ್ತವೆ. ಐಫೋನಿನಲ್ಲಿ Precise Location ಆಫ್ ಮಾಡಬಹುದು. ಆದರೆ ಇದಕ್ಕೂ ಮಿತಿ ಇದೆ. ಆಂಡ್ರಾಯ್ಡ್‌ನ Approximate ಅಂದರೆ ಸುಮಾರು 3 ಚದರ ಕಿಲೋಮೀಟರ್. ಬೆಂಗಳೂರಲ್ಲಿ ಅಷ್ಟು ಜಾಗದಲ್ಲಿ ಸಾವಿರಾರು ಮನೆ ಇರುತ್ತವೆ, ನಮ್ಮ ಹೊಳೆಬದಿಯಲ್ಲಿ ಗದ್ದೆ, ತೋಟ ಕಳೆದರೆ ಎಣಿಸುವಷ್ಟೇ ಮನೆ. ಲೊಕೇಶನ್ ಬೇಕೇ ಬೇಕು ಎನ್ನುವ ಆ್ಯಪ್ ಆದರೆ ಊರಲ್ಲಿರುವಾಗ ತೆರೆಯದೆ ಇರುವುದೇ ಸರಿ.

ಕೊನೆಯದು, 지인 차단, 'ಪರಿಚಿತರನ್ನು ತಡೆ'. ಅತ್ತೆ, ಮಾವ, ಕ್ಲಾಸ್‌ಮೇಟ್ ಕಣ್ಣಿಗೆ ಬೀಳದೆ ಇರಲು ನಮ್ಮವರು ಮೊದಲು ಒತ್ತುವುದು ಇದನ್ನೇ. ಇದು ಕೆಲಸ ಮಾಡುವುದು ಫೋನ್ ನಂಬರ್ ಹೋಲಿಸಿ. ಅಂದರೆ ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಆ್ಯಪ್‌ಗೆ ಹೋಗಬೇಕು. ಆ್ಯಪ್ ಹೆಸರೇ ಕೇಳದ ನಿಮ್ಮ ಅಜ್ಜಿಯ ನಂಬರೂ ಅದರಲ್ಲಿ ಹೋಯಿತು. ಇಷ್ಟು ಕೊಟ್ಟ ಮೇಲೂ ತಡೆ ಪೂರ್ತಿ ಅಲ್ಲ. ಪಕ್ಕದ ಮನೆ ಅಣ್ಣನ ನಂಬರ್ ನಿಮ್ಮ ಫೋನಲ್ಲಿ ಇಲ್ಲ, ಅಮ್ಮನ ಫೋನಲ್ಲಿದೆ. ಕ್ಲಾಸ್‌ಮೇಟ್ ಎರಡನೇ ಸಿಮ್‌ನಲ್ಲಿ ಅಕೌಂಟ್ ಮಾಡಿದ್ದಾನೆ. ಇಬ್ಬರಿಗೂ ನೀವು ಕಾಣಿಸುತ್ತೀರಿ. ನಂಬರ್ ಒಂದೊಂದಾಗಿ ಕೈಯಲ್ಲಿ ಹಾಕಲು ಆ್ಯಪ್ ಬಿಟ್ಟರೆ ಮುಖ್ಯವಾದ ನಾಲ್ಕೈದು ಹಾಕಿ, ಪೂರ್ತಿ ಪಟ್ಟಿ ಬೇಡ. 비공개, ಅಂದರೆ ಪ್ರೊಫೈಲ್ ಮುಚ್ಚುವ ಗುಂಡಿಯೂ ಸಾಮಾನ್ಯವಾಗಿ ಹೊಸಬರಿಗೆ ಮಾತ್ರ ಮುಚ್ಚುತ್ತದೆ, ಆಗಲೇ ಮ್ಯಾಚ್ ಆದವರಿಗೆ ಅಲ್ಲ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಪ್ರೊಫೈಲ್ ಹೋಗುವುದಿಲ್ಲ, 탈퇴 ಅಂತ ಹುಡುಕಿ ಅಕೌಂಟನ್ನೇ ಮುಚ್ಚಬೇಕು.

ಎಲ್ಲ ಹೊಣೆ ಬಳಸುವವರ ಮೇಲೆ ಹಾಕುವುದು ನ್ಯಾಯ ಅಲ್ಲ ಅಂತಲೂ ನಮಗೆ ಅನಿಸುತ್ತದೆ. ಒಂದು ಕಾಲಂ ತುಂಬಿಸುವಾಗಲೇ 'ನಿಮ್ಮ ಸುತ್ತ ಈ ಉತ್ತರಗಳಿಗೆ ಹೊಂದುವವರು ಐದಕ್ಕಿಂತ ಕಡಿಮೆ' ಅಂತ ಎಚ್ಚರಿಸುವುದು ಆ್ಯಪ್‌ಗೆ ದೊಡ್ಡ ಕೆಲಸ ಅಲ್ಲ. ಎಣಿಕೆ ಅದರ ಹತ್ತಿರ ಹೇಗೂ ಇದೆ, ಡೇಟಾಬೇಸ್ ಪಾಠ ಮುಗಿಸಿದ ನಮ್ಮಲ್ಲಿ ಯಾರು ಬೇಕಾದರೂ ಆ ಕ್ವೆರಿ ಬರೆದಾರು. ಅಂಥ ಎಚ್ಚರಿಕೆ ಬರುವವರೆಗೆ ಆ ಎಣಿಕೆಯನ್ನು ನಾವೇ ಮಾಡಬೇಕು. ಪ್ರೊಫೈಲ್ ಸೇವ್ ಮಾಡುವ ಮೊದಲು ಫೋಟೋ ಮತ್ತು ಹೆಸರು ಬೆರಳಲ್ಲಿ ಮುಚ್ಚಿ ಉಳಿದದ್ದನ್ನು ಓದಿ ನೋಡಿ. ನಿಮ್ಮ ಊರಲ್ಲಿ ಅದು ಎಷ್ಟು ಜನರಿಗೆ ಹೊಂದುತ್ತದೆ? ಉತ್ತರ 'ನನಗೆ ಮಾತ್ರ' ಅಂತಾದರೆ ಎರಡು ಕಾಲಂ ಅಳಿಸಿ, ಮತ್ತೊಮ್ಮೆ ಎಣಿಸಿ.