ವಿದ್ಯಾರ್ಥಿವೇತನ ತಿರಸ್ಕೃತವಾದ ಮೇಲೆ ಮನೆಯ ಆದಾಯ ಕುಸಿದರೆ: ಮರುಪರಿಶೀಲನೆ ಕೇಳಿ, ವಿಶ್ವವಿದ್ಯಾನಿಲಯಗಳು ಕೊಡಲಿ



ನಮ್ಮ ರಾಜ್ಯದಲ್ಲಿ ತಹಶೀಲ್ದಾರರು ಕೊಡುವ ಆದಾಯ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ವರ್ಷವರ್ಷವೂ ನಾಡಕಚೇರಿಗೆ ಅಲೆಯುವುದು ತಪ್ಪಿತಲ್ಲ ಎಂದು ಎಲ್ಲರೂ ನೆಮ್ಮದಿಪಟ್ಟ ವ್ಯವಸ್ಥೆ ಇದು. ಆದರೆ ಐದು ವರ್ಷದಲ್ಲಿ ಒಂದು ಮನೆಯಲ್ಲಿ ಏನೆಲ್ಲ ಆಗಬಹುದು! 2023ರಲ್ಲಿ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಅದಕ್ಕೂ ಮೊದಲು ಒಳ್ಳೆಯ ಬೆಳೆ ಬಂದ ವರ್ಷದಲ್ಲಿ ಬರೆಸಿದ ಆದಾಯವೇ ಅಲ್ಲಿನ ರೈತರ ಮಕ್ಕಳ ಕಡತದಲ್ಲಿ ಚಾಲ್ತಿಯಲ್ಲಿತ್ತು. ತೀರ್ಥಹಳ್ಳಿ, ಶೃಂಗೇರಿ, ಕೊಪ್ಪದ ಕಡೆ ಎಲೆಚುಕ್ಕೆ ರೋಗ ಬಂದು ಅಡಿಕೆ ಫಸಲು ಕೈಬಿಟ್ಟ ಮನೆಗಳ ಕಥೆಯೂ ಅದೇ. ಪೇಟೆಯಲ್ಲಿ ಕಾರ್ಖಾನೆ ಮುಚ್ಚಿದರೆ, ದುಡಿಯುವ ಒಬ್ಬರು ಹಾಸಿಗೆ ಹಿಡಿದರೆ, ಪ್ರಮಾಣಪತ್ರದ ಅಂಕಿ ಮಾತ್ರ ಹಾಗೇ ಉಳಿಯುತ್ತದೆ. ‘ಆದಾಯ ಮಿತಿ ಮೀರಿದೆ’ ಎಂಬ ಮೂರು ಪದದ ಷರಾ ಬೀಳುವುದು ಆ ಅಂಕಿಯ ಮೇಲೆ.

ನಾವು ಹೇಳಬೇಕಾದದ್ದು ಇಷ್ಟು: ಆ ಷರಾವನ್ನು ಕೊನೆಯ ಮಾತೆಂದು ವಿದ್ಯಾರ್ಥಿ ಒಪ್ಪಿಕೊಳ್ಳಬೇಕಾಗಿಲ್ಲ. ಅದನ್ನು ಕೊನೆಯ ಮಾತೆಂದು ವಿಶ್ವವಿದ್ಯಾನಿಲಯವೂ ಕೈತೊಳೆದುಕೊಳ್ಳಬಾರದು.

ಮೊದಲು ಯಾವ ವಿದ್ಯಾರ್ಥಿವೇತನ ಎಂಬುದನ್ನು ನೋಡಿಕೊಳ್ಳಿ. ಎಸ್‌ಎಸ್‌ಪಿ ಪೋರ್ಟಲ್ ಮೂಲಕ ಬರುವ ಸರ್ಕಾರಿ ವಿದ್ಯಾರ್ಥಿವೇತನದ ಆದಾಯ ಮಿತಿಯನ್ನು ಹಾಕುವುದು ಆಯಾ ಇಲಾಖೆ. ಅಲ್ಲಿ ಕುಲಸಚಿವರಿಗೆ ಎಷ್ಟು ಚೆನ್ನಾಗಿ ಬರೆದರೂ ಅವರಿಗೆ ಮಿತಿ ಸಡಿಲಿಸುವ ಅಧಿಕಾರವಿಲ್ಲ; ಹೊಸ ಆದಾಯ ಪ್ರಮಾಣಪತ್ರ ಹಿಡಿದು ಇಲಾಖೆಯ ತಾಲ್ಲೂಕು ಅಥವಾ ಜಿಲ್ಲಾ ಕಚೇರಿಗೇ ಹೋಗಬೇಕು. ಆದರೆ ದಾನಿಗಳು ಇಟ್ಟ ದತ್ತಿನಿಧಿ, ವಿದ್ಯಾರ್ಥಿ ಕ್ಷೇಮನಿಧಿ, ಶುಲ್ಕ ವಿನಾಯಿತಿ ಇಂಥವು ವಿಶ್ವವಿದ್ಯಾನಿಲಯದ ಕೈಯಲ್ಲೇ ಇರುತ್ತವೆ. ಅದರ ನಿಯಮ ಬರೆದವರು ಅವರೇ, ಅರ್ಜಿ ನೋಡುವ ಸಮಿತಿಯೂ ಅವರದೇ. ಮರುಪರಿಶೀಲನೆಯ ಮನವಿಗೆ ನಿಜವಾದ ಬಲ ಇರುವುದು ಇಲ್ಲಿ. ಈ ಎರಡನ್ನೂ ಕಲಸಿಕೊಂಡು ತಪ್ಪು ಬಾಗಿಲು ತಟ್ಟುವುದರಲ್ಲೇ ಎಷ್ಟೋ ಮಕ್ಕಳ ಸೆಮಿಸ್ಟರ್ ಮುಗಿದುಹೋಗುತ್ತದೆ.

ಒಂದು ಉದಾಹರಣೆಯನ್ನು ಲೆಕ್ಕದ ಸಮೇತ ನೋಡೋಣ. ಎಂ.ಎಸ್ಸಿ. ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿ ಇದ್ದಾಳೆ ಅನ್ನಿ. ತಂದೆ ಕಾರ್ಖಾನೆಯೊಂದರ ಬಸ್ ಚಾಲಕ, ತಿಂಗಳಿಗೆ 24,000 ರೂಪಾಯಿ ಸಂಬಳ. ತಾಯಿ ಮನೆಯಲ್ಲೇ ರವಿಕೆ ಹೊಲಿದು ತಿಂಗಳಿಗೆ ಸುಮಾರು 3,000 ದುಡಿಯುತ್ತಾರೆ. ಜೂನ್‌ನಲ್ಲಿ ಪಡೆದ ಪ್ರಮಾಣಪತ್ರದಲ್ಲಿ ವಾರ್ಷಿಕ ಆದಾಯ 3,24,000 ಎಂದಿದೆ. ದತ್ತಿ ವಿದ್ಯಾರ್ಥಿವೇತನದ ಮಿತಿ 2,50,000. ಆಗಸ್ಟ್‌ನಲ್ಲಿ ಅರ್ಜಿ ಹಾಕಿದಳು. ನವೆಂಬರ್ ಮೊದಲ ವಾರ ತಂದೆಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಚಾಲಕನ ಕೆಲಸ ಹೋಯಿತು. ಸಂಬಳ 21,000 ದಾಟಿದ್ದರಿಂದ ಇಎಸ್‌ಐ ಆಸರೆಯೂ ಇರಲಿಲ್ಲ. ಡಿಸೆಂಬರ್‌ನಲ್ಲಿ ಅರ್ಜಿ ತಿರಸ್ಕೃತವಾಯಿತು.

ಇಂಥ ಹೊತ್ತಿನಲ್ಲಿ ಮಕ್ಕಳು ಬರೆಯುವ ಪತ್ರ ಸಾಮಾನ್ಯವಾಗಿ ಹೀಗಿರುತ್ತದೆ: ನಾವು ತುಂಬ ಕಷ್ಟದಲ್ಲಿದ್ದೇವೆ, ತಂದೆಯವರಿಗೆ ಹುಷಾರಿಲ್ಲ, ದಯಮಾಡಿ ಸಹಾಯ ಮಾಡಿ. ಪ್ರತಿ ಮಾತೂ ಸತ್ಯ. ಆದರೆ ಸಮಿತಿಯ ಮೇಜಿಗೆ ಇದನ್ನು ಒಯ್ಯಬೇಕಾದ ಗುಮಾಸ್ತರಿಗೆ ಟಿಪ್ಪಣಿ ಬರೆಯಲು ಇದರಲ್ಲಿ ಏನೂ ಸಿಗುವುದಿಲ್ಲ. ಯಾವ ಅರ್ಜಿ, ಯಾವ ಆದೇಶ, ಅರ್ಜಿ ಹಾಕಿದ ಮೇಲೆ ಏನು ಬದಲಾಯಿತು, ಈಗಿನ ಆದಾಯ ಎಷ್ಟು, ಅದಕ್ಕೆ ದಾಖಲೆ ಯಾವುದು, ಕೇಳುತ್ತಿರುವುದು ಏನು, ಒಂದಕ್ಕೂ ಉತ್ತರವಿಲ್ಲ. ಪತ್ರ ಕಡತಕ್ಕೆ ಸೇರುತ್ತದೆ, ಅಲ್ಲೇ ಉಳಿಯುತ್ತದೆ.

ಅದೇ ವಿದ್ಯಾರ್ಥಿನಿ ಹೀಗೆ ಬರೆಯಲಿ:

“ಮಾನ್ಯ ಕುಲಸಚಿವರೇ,

ವಿಷಯ: ದತ್ತಿ ವಿದ್ಯಾರ್ಥಿವೇತನ ಅರ್ಜಿಯ ಮರುಪರಿಶೀಲನೆ ಕೋರಿ.

ಮೇಲ್ಕಂಡ ಅರ್ಜಿಯನ್ನು, ಪ್ರಮಾಣಪತ್ರದಲ್ಲಿರುವ 3,24,000 ರೂ. ಆದಾಯ ಮಿತಿ ಮೀರಿದೆ ಎಂಬ ಕಾರಣಕ್ಕೆ ತಿರಸ್ಕರಿಸಲಾಗಿದೆ. ನಾನು ಅರ್ಜಿ ಸಲ್ಲಿಸಿದ ದಿನ ಆ ಅಂಕಿ ಸರಿಯಾಗಿಯೇ ಇತ್ತು. ಆ ನಂತರ, ನವೆಂಬರ್‌ನಲ್ಲಿ, ನನ್ನ ತಂದೆಯವರು ಪಾರ್ಶ್ವವಾಯುವಿನಿಂದ ಕೆಲಸ ಕಳೆದುಕೊಂಡಿದ್ದಾರೆ. ಅವರಿಗೆ ಸಂಬಳ ಬಂದದ್ದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏಳು ತಿಂಗಳು, ಒಟ್ಟು 1,68,000 ರೂ. ತಾಯಿಯವರ ವರ್ಷದ ದುಡಿಮೆ 36,000 ರೂ. ಹೀಗೆ ಈ ಆರ್ಥಿಕ ವರ್ಷದ ನಮ್ಮ ಕುಟುಂಬದ ಆದಾಯ 2,04,000 ರೂ. ಆಗುತ್ತದೆ. ಬರುವ ವರ್ಷ ತಾಯಿಯವರ 36,000 ರೂ. ಬಿಟ್ಟು ಬೇರೆ ಆದಾಯವಿಲ್ಲ.

ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ನವೆಂಬರ್‌ನಲ್ಲಿ ಜಮೆಯಾಗಿರುವ 60,000 ರೂ. ಚಿಕಿತ್ಸೆಗೆಂದು ಪಿಎಫ್ ಖಾತೆಯಿಂದ ಪಡೆದದ್ದು, 90,000 ರೂ. ಒಡವೆ ಅಡವಿಟ್ಟು ತಂದ ಸಾಲ. ಎರಡೂ ಆಸ್ಪತ್ರೆಗೆ ಖರ್ಚಾಗಿವೆ.

ಹೊಸ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದು, ಸ್ವೀಕೃತಿಯನ್ನು ಲಗತ್ತಿಸಿದ್ದೇನೆ. ಪ್ರಮಾಣಪತ್ರ ಬಂದ ಕೂಡಲೇ ಸಲ್ಲಿಸುತ್ತೇನೆ. ನನ್ನ ಅರ್ಜಿಯನ್ನು ಮುಂದಿನ ವಿದ್ಯಾರ್ಥಿವೇತನ ಸಮಿತಿಯ ಸಭೆಯ ಮುಂದಿಡಬೇಕೆಂದೂ, ತೀರ್ಮಾನವಾಗುವವರೆಗೆ ದಂಡವಿಲ್ಲದೆ ಶುಲ್ಕ ಕಟ್ಟಲು ಕಾಲಾವಕಾಶ ಕೊಟ್ಟು ಪರೀಕ್ಷೆಯ ಪ್ರವೇಶಪತ್ರ ತಡೆಹಿಡಿಯಬಾರದೆಂದೂ ಕೋರುತ್ತೇನೆ.”

ಪತ್ರದ ತಲೆಯಲ್ಲಿ ಅರ್ಜಿ ಸಂಖ್ಯೆ, ತಿರಸ್ಕಾರದ ಆದೇಶದ ಸಂಖ್ಯೆ ಮತ್ತು ದಿನಾಂಕ, ನೋಂದಣಿ ಸಂಖ್ಯೆ ಇರಲಿ. ಜೊತೆಗೆ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಸಂಬಳ ನಿಂತ ದಿನವನ್ನು ತಿಳಿಸುವ ಮಾಲೀಕರ ಪತ್ರ, ಆರು ತಿಂಗಳ ಪಾಸ್‌ಬುಕ್ ಪುಟಗಳು, ನಾಡಕಚೇರಿಯ ಸ್ವೀಕೃತಿ ಇರಲಿ.

ಈ ಪತ್ರದಲ್ಲಿ ಎರಡು ಜಾಗಗಳನ್ನು ಮತ್ತೆ ಓದಿ. ಒಂದು, ‘ಅರ್ಜಿ ಸಲ್ಲಿಸಿದ ದಿನ ಆ ಅಂಕಿ ಸರಿಯಾಗಿಯೇ ಇತ್ತು’ ಎಂಬ ಸಾಲು. ಸಮಿತಿ ತಪ್ಪು ಮಾಡಿತೆಂದು ಇಲ್ಲಿ ಯಾರೂ ದೂರುತ್ತಿಲ್ಲ. ಹಾಗಾಗಿ ತಮ್ಮ ಹಳೆಯ ತೀರ್ಮಾನವನ್ನು ಸಮರ್ಥಿಸಿಕೊಳ್ಳುವ ಅಗತ್ಯ ಅವರಿಗೆ ಬರುವುದಿಲ್ಲ. ಹೊಸ ಸಂಗತಿಯ ಮೇಲೆ ಹೊಸ ತೀರ್ಮಾನ ಮಾಡುವ ದಾರಿ ತೆರೆದಿರುತ್ತದೆ. ಇನ್ನೊಂದು, ಪಾಸ್‌ಬುಕ್ಕಿನ ದೊಡ್ಡ ಜಮೆಗಳ ವಿವರಣೆ. ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ. ಆದಾಯವಿಲ್ಲ ಎನ್ನುವ ಮನೆಯ ಖಾತೆಗೆ ಒಂದೇ ತಿಂಗಳಲ್ಲಿ ಒಂದೂವರೆ ಲಕ್ಷ ಬಂದಿದ್ದರೆ ಯಾರಿಗಾದರೂ ಅನುಮಾನ ಹುಟ್ಟುತ್ತದೆ. ಆ ಪುಟವನ್ನು ಬಿಟ್ಟು ಉಳಿದ ಪುಟಗಳನ್ನು ಮಾತ್ರ ಜೆರಾಕ್ಸ್ ಮಾಡಿಸಿದರೆ ಅನುಮಾನ ಇನ್ನೂ ಹೆಚ್ಚುತ್ತದೆ. ಸಾಲ ಆದಾಯವಲ್ಲ, ಅದನ್ನು ನೇರವಾಗಿ ಹೇಳಿ. ಅಡವು ಚೀಟಿಯ ಪ್ರತಿಯನ್ನೂ ಸೇರಿಸಿ.

ಹೊಸ ಪ್ರಮಾಣಪತ್ರದ ಬಗ್ಗೆ ಒಂದು ಮಾತು. ನಾಡಕಚೇರಿಯ ಕಿಟಕಿಯಲ್ಲಿ ‘ಹಳೆಯದು ಇನ್ನೂ ಚಾಲ್ತಿಯಲ್ಲಿದೆಯಲ್ಲ’ ಎಂದು ಹಿಂದಕ್ಕೆ ಕಳಿಸಬಹುದು. ಆದಾಯ ಬದಲಾಗಿದೆ, ಪರಿಷ್ಕೃತ ಪ್ರಮಾಣಪತ್ರ ಬೇಕು ಎಂದು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮನೆಗೆ ವಿಚಾರಣೆಗೆ ಬರುವ ಗ್ರಾಮ ಆಡಳಿತ ಅಧಿಕಾರಿಗೆ ಡಿಸ್ಚಾರ್ಜ್ ಸಾರಾಂಶವನ್ನೂ ಮಾಲೀಕರ ಪತ್ರವನ್ನೂ ತೋರಿಸಿ, ಪ್ರತಿ ಕೊಡಿ. ಅವರ ವರದಿಯಲ್ಲಿ ಕೆಲಸ ಹೋದ ಸಂಗತಿ ದಾಖಲಾಗದಿದ್ದರೆ ಹೊಸ ಪ್ರಮಾಣಪತ್ರದಲ್ಲೂ ಹಳೆಯ ಅಂಕಿಯೇ ಬಂದು ಕೂರುತ್ತದೆ.

ಮನವಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಉತ್ತರವೇ ಬಾರದಿದ್ದರೆ ಮುಂದಿನ ದಾರಿ ಇದೆ. ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ನಿಯಮಾವಳಿಯ ಪ್ರಕಾರ, ಸಲ್ಲಬೇಕಾದ ವಿದ್ಯಾರ್ಥಿವೇತನ ಸಿಗದಿರುವುದೂ ತಡವಾಗುವುದೂ ಕುಂದುಕೊರತೆಯೇ. ಪ್ರತಿ ಸಂಸ್ಥೆಯಲ್ಲೂ ಕುಂದುಕೊರತೆ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾನಿಲಯದ ಒಂಬುಡ್ಸ್‌ಪರ್ಸನ್ ಮುಂದೆ ಮೇಲ್ಮನವಿ ಹಾಕಬಹುದು. ಆದರೆ ನಿಯಮದಲ್ಲಿರುವುದು ‘ಸಲ್ಲಬೇಕಾದ’ ನೆರವು ಎಂಬುದನ್ನು ಮರೆಯಬೇಡಿ. ಮಿತಿಯೊಳಗೆ ಬಂದಿದ್ದೀರಿ ಎಂಬುದಕ್ಕೆ ಹೊಸ ಪ್ರಮಾಣಪತ್ರ ಕೈಯಲ್ಲಿದ್ದಾಗ ಮಾತ್ರ ಆ ವಾದ ನಿಲ್ಲುತ್ತದೆ. ನಿಮ್ಮ ಕಡತದ ಮೇಲೆ ಏನು ಟಿಪ್ಪಣಿ ಬರೆದಿದ್ದಾರೆಂದು ತಿಳಿಯಬೇಕಿದ್ದರೆ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. ಉತ್ತರಕ್ಕೆ 30 ದಿನ ಗಡುವು.

ಇನ್ನು ಕುಲಪತಿಗಳಿಗೆ, ಸಿಂಡಿಕೇಟ್ ಸದಸ್ಯರಿಗೆ ನಮ್ಮ ಮಾತು.

‘ಒಬ್ಬರಿಗೆ ತೆರೆದರೆ ಎಲ್ಲರೂ ಬರುತ್ತಾರೆ’ ಎನ್ನುವ ಅಳುಕು ನಮಗೆ ಅರ್ಥವಾಗುತ್ತದೆ. ಅದಕ್ಕೇ ನಾವು ಎಲ್ಲ ತಿರಸ್ಕೃತರ ಅರ್ಜಿಗಳನ್ನೂ ಮತ್ತೆ ನೋಡಿ ಎಂದು ಕೇಳುತ್ತಿಲ್ಲ. ಅರ್ಜಿಯ ದಿನಾಂಕದ ನಂತರ ನಡೆದ, ದಾಖಲೆಯಿರುವ ಒಂದು ಘಟನೆ ಇರಬೇಕು: ಸಾವು, ಗಂಭೀರ ಕಾಯಿಲೆ, ಕೆಲಸ ಹೋದದ್ದು, ಬೆಳೆ ನಾಶ. ಅದಿಲ್ಲದ ಮನವಿಯನ್ನು ಕಚೇರಿಯ ಹಂತದಲ್ಲೇ ವಾಪಸು ಮಾಡಲಿ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ ಎಂಬ ಭಯಕ್ಕೂ ಉತ್ತರವಿದೆ. ಪರಿಷ್ಕೃತ ಪ್ರಮಾಣಪತ್ರ ಮತ್ತು ಕಾರಣ ಬರೆದ ಸಮಿತಿಯ ನಡಾವಳಿ ಇವೆರಡೂ ಕಡತದಲ್ಲಿದ್ದರೆ ಮೊದಲ ಸುತ್ತಿನ ಫಲಾನುಭವಿಯ ಕಡತಕ್ಕಿಂತ ಇದು ದುರ್ಬಲವಲ್ಲ. ಹಣ ಹಂಚಿ ಮುಗಿದಿದೆ ಎಂಬುದೊಂದೇ ನಿಜವಾದ ತೊಡಕು. ಸರ್ಕಾರಿ ವಿದ್ಯಾರ್ಥಿವೇತನ ಬಂದು ದತ್ತಿಯದನ್ನು ಬಿಟ್ಟುಕೊಡುವವರು ಇದ್ದರೆ ಆ ಮೊತ್ತವನ್ನು ಹೀಗೆ ಬಂದವರಿಗೆ ಕಾದಿರಿಸಲಿ. ಅದೂ ಸಾಲದಿದ್ದರೆ ಶುಲ್ಕದ ಕಂತು, ದಂಡದ ಮನ್ನಾ ಕೊಡಲಿ; ಇವುಗಳಿಗೆ ಖಜಾನೆಯಿಂದ ಒಂದು ರೂಪಾಯಿಯನ್ನೂ ತೆಗೆಯಬೇಕಾಗಿಲ್ಲ. ಆದರೆ ಒಂದು ಮಗು ಪರೀಕ್ಷೆ ಬರೆಯುತ್ತದೆಯೋ ಇಲ್ಲವೋ ಎಂಬುದು ಎಷ್ಟೋ ಸಲ ಇದರ ಮೇಲೆಯೇ ನಿಂತಿರುತ್ತದೆ.

ಆದ್ದರಿಂದ ಮುಂದಿನ ವರ್ಷದ ವಿದ್ಯಾರ್ಥಿವೇತನ ಪ್ರಕಟಣೆಯಲ್ಲೇ ಒಂದು ಕಂಡಿಕೆ ಸೇರಿಸಬೇಕೆಂದು ನಮ್ಮ ಒತ್ತಾಯ: ಅರ್ಜಿಯ ನಂತರ ಕುಟುಂಬದ ಆದಾಯ ಕುಸಿದವರು ಘಟನೆ ನಡೆದ, ಇಲ್ಲವೇ ತಿರಸ್ಕಾರದ ಆದೇಶ ಬಂದ, ಯಾವುದು ನಂತರದ್ದೋ ಆ ದಿನದಿಂದ 30 ದಿನದೊಳಗೆ ಮನವಿ ಕೊಡಬಹುದು, ನಾಡಕಚೇರಿಯ ಸ್ವೀಕೃತಿ ಇದ್ದರೂ ಮನವಿಯನ್ನು ತೆಗೆದುಕೊಳ್ಳಬೇಕು, ಸಮಿತಿ ಕಾರಣ ಸಹಿತ ಲಿಖಿತ ಉತ್ತರ ಕೊಡಬೇಕು. ತಿರಸ್ಕಾರದ ಪ್ರತಿ ಆದೇಶದ ಕೆಳಗೂ ಮನವಿ ಯಾರಿಗೆ, ಯಾವ ಕೊಠಡಿಯಲ್ಲಿ, ಯಾವ ದಿನಾಂಕದೊಳಗೆ ಸಲ್ಲಿಸಬೇಕೆಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕು. ಈ ಕರಪತ್ರದ ಪ್ರತಿಯನ್ನು ಕುಲಸಚಿವರ ಕಚೇರಿಗೂ ಸಲ್ಲಿಸುತ್ತಿದ್ದೇವೆ. ಕಂಡಿಕೆಯ ಬಗ್ಗೆ ಲಿಖಿತ ಉತ್ತರ ಬರುವವರೆಗೆ ಪ್ರತಿ ಸೆಮಿಸ್ಟರಿನ ಶುಲ್ಕ ಕಟ್ಟುವ ವಾರದಲ್ಲಿ ಇದನ್ನು ಹಂಚುತ್ತಲೇ ಇರುತ್ತೇವೆ.