ಹುಂಡಿ ಒಡೆಯುವ ಮುನ್ನ ಒಂದು ಫೋನು

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಚಿಕ್ಕಪ್ಪ ಒಂದು ಮನವಿ ಕಳಿಸಿದ್ದರು. ಆಸ್ಪತ್ರೆಯ ಹಾಸಿಗೆಯಲ್ಲಿ ಕೂದಲು ಉದುರಿದ ಏಳು ವರ್ಷದ ಹುಡುಗ. ರಕ್ತದ ಕ್ಯಾನ್ಸರಂತೆ, 8 ಲಕ್ಷ 40 ಸಾವಿರ ರೂಪಾಯಿ ಬೇಕಂತೆ. ಜೊತೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದು ಕೊಟ್ಟ ಅಂದಾಜು ವೆಚ್ಚದ ಪತ್ರ, ಅದರಡಿ ಒಂದು ಕ್ಯೂಆರ್ ಕೋಡ್.

ಆರನೇ ತರಗತಿಯ ನನ್ನ ಮಗಳು ಅದನ್ನು ನೋಡಿದವಳೇ ಒಳಗೆ ಹೋಗಿ ಮಣ್ಣಿನ ಹುಂಡಿ ತಂದು ನನ್ನ ಮುಂದಿಟ್ಟಳು. "ಅಮ್ಮಾ, ಇದನ್ನ ಒಡೀಲಾ?"

ಒಡಿ ಎನ್ನಲು ಬಾಯಿ ಬಂದಿತ್ತು. ಆದರೂ ಒಂದು ದಿನ ತಡಿ ಎಂದೆ. ಅವಳಿಗೆ ಸಿಟ್ಟು ಬಂತು. ಬರಬೇಕಾದದ್ದೇ.

ಸೋಮವಾರ ನಾನು ಮನವಿಯಲ್ಲಿದ್ದ ಮೊಬೈಲ್ ನಂಬರಿಗೆ ಫೋನ್ ಮಾಡಲಿಲ್ಲ. ಮೋಸವಿದ್ದರೆ ಅಲ್ಲಿ ಫೋನ್ ಎತ್ತುವವನು ಮೋಸಗಾರನೇ ತಾನೆ? ಆಸ್ಪತ್ರೆಯ ಸ್ವಂತ ವೆಬ್‌ಸೈಟಿನಿಂದ ನಂಬರು ತೆಗೆದುಕೊಂಡು ಕರೆ ಮಾಡಿ, ಮೆಡಿಕಲ್ ಸೋಶಿಯಲ್ ವರ್ಕರ್ ಬೇಕು ಎಂದೆ. ದೊಡ್ಡ ಆಸ್ಪತ್ರೆಗಳಲ್ಲಿ ದುಡ್ಡಿಲ್ಲದ ರೋಗಿಗಳಿಗೆ ನೆರವು ಹೊಂದಿಸುವ ಕೆಲಸ ಇವರದು. ಇವರು ಸಿಗದಿದ್ದರೆ ಬಿಲ್ಲಿಂಗ್ ವಿಭಾಗವನ್ನು ಕೇಳಬಹುದು.

ಫೋನ್ ಎತ್ತಿದ ಹೆಣ್ಣುಮಗಳು ಮೊದಲೇ ಹೇಳಿಬಿಟ್ಟರು: "ಮೇಡಂ, ಕಾಯಿಲೆ ವಿಷಯ ಏನೂ ಹೇಳೋ ಹಾಗಿಲ್ಲ." ಅದು ಸರಿಯೇ. ನನಗೆ ಬೇಕಾಗಿದ್ದದ್ದೂ ಅದಲ್ಲ. ಅಂದಾಜು ಪತ್ರದ ಮೂಲೆಯಲ್ಲಿ ರೋಗಿಯ ನೋಂದಣಿ ಸಂಖ್ಯೆ ಇತ್ತು. ಆಸ್ಪತ್ರೆಯವರು ಅದನ್ನು ಯುಎಚ್‌ಐಡಿ ಎನ್ನುತ್ತಾರೆ. ಒಂದೇ ಹೆಸರಿನ ಹತ್ತು ಮಕ್ಕಳಿದ್ದಾರು, ಈ ಸಂಖ್ಯೆ ಮಾತ್ರ ಒಬ್ಬರದ್ದೇ. ನಾನು ಹೆಸರು ಮತ್ತು ಸಂಖ್ಯೆ ಓದಿದೆ. ಹೊಂದುತ್ತದೆಯೇ, ಈಗಲೂ ಚಿಕಿತ್ಸೆ ನಡೆಯುತ್ತಿದೆಯೇ, ಈ ಸಂಖ್ಯೆಗೆ ನೇರವಾಗಿ ಹಣ ಕಟ್ಟಬಹುದೇ ಎಂದು ಮೂರೇ ಪ್ರಶ್ನೆ ಕೇಳಿದೆ. ಮೂರಕ್ಕೂ ಹೌದು ಎಂದರು.

ಚಿಕಿತ್ಸೆ ಈಗಲೂ ನಡೆಯುತ್ತಿದೆಯೇ ಎಂದು ಕೇಳಲು ಕಾರಣವಿದೆ. ಮಗು ಗುಣವಾಗಿ ಮನೆಗೆ ಹೋದ ಮೇಲೂ, ಅಥವಾ ತೀರಿಕೊಂಡ ಮೇಲೂ, ಮನವಿ ಮಾತ್ರ ಗುಂಪಿನಿಂದ ಗುಂಪಿಗೆ ಸುತ್ತುತ್ತಲೇ ಇರುತ್ತದೆ. ನಮಗೆ ಬಂದ ಪತ್ರದಲ್ಲಿ ತಾರೀಖು ಇರಬೇಕಾದ ಮೇಲ್ಭಾಗವೇ ಕತ್ತರಿಸಿ ಹೋಗಿತ್ತು.

ಹುಡುಗ ನಿಜ, ಆಸ್ಪತ್ರೆ ನಿಜ. ನನಗೆ ನಾಚಿಕೆಯಾಯಿತು. ಸುಮ್ಮನೆ ಅನುಮಾನಪಟ್ಟೆನಲ್ಲ ಎಂದುಕೊಂಡು, ಅಲ್ಲೇ ಕ್ಯೂಆರ್ ಸ್ಕ್ಯಾನ್ ಮಾಡಿದೆ. ಪಿನ್ ಒತ್ತುವ ಮೊದಲು ಹಣ ಪಡೆಯುವವರ ಹೆಸರು ಬರುತ್ತದಲ್ಲ, ಅಲ್ಲಿ ಯಾವುದೋ ಎಂಟರ್‌ಪ್ರೈಸಸ್ ಎಂದಿತ್ತು. ಅಪ್ಪನದೂ ಅಲ್ಲ, ಆಸ್ಪತ್ರೆಯದೂ ಅಲ್ಲ. ಹೆಸರು ಬೇರೆಯಾದ ಮಾತ್ರಕ್ಕೆ ಮೋಸವೆನ್ನಲಾಗದು, ಸೋದರಮಾವನ ಅಂಗಡಿಯ ಖಾತೆ ಇದ್ದರೂ ಇದ್ದೀತು. ಮತ್ತೆ ಆಸ್ಪತ್ರೆಗೆ ಫೋನ್ ಮಾಡಿದೆ. ಆಕೆ ಹುಡುಗನ ಅಪ್ಪನ ನಂಬರು ಕೊಡಲಿಲ್ಲ, ನನ್ನ ನಂಬರನ್ನು ಅವರಿಗೆ ಕೊಟ್ಟರು.

ಸಂಜೆ ಆತನೇ ಕರೆ ಮಾಡಿದರು. ಚಿತ್ರದುರ್ಗದ ಕಡೆಯ ಹಳ್ಳಿಯವರು. ಅವರು ಹಾಕಿದ ಮನವಿಯಲ್ಲಿ ಕ್ಯೂಆರ್ ಇರಲೇ ಇಲ್ಲವಂತೆ, ಆಸ್ಪತ್ರೆಯ ಖಾತೆಯ ವಿವರ ಮಾತ್ರ ಇತ್ತಂತೆ. ಯಾರೋ ಅದನ್ನು ಅಳಿಸಿ ತಮ್ಮ ಕೋಡನ್ನೂ ನಂಬರನ್ನೂ ಅಂಟಿಸಿದ್ದರು. "ಅಕ್ಕಾ, ಎಲ್ರೂ ದುಡ್ಡು ಹಾಕಿದೀವಿ ಅಂತಾರೆ. ಆಸ್ಪತ್ರೇಲಿ ಕೇಳಿದ್ರೆ ಏನೂ ಬಂದಿಲ್ಲ ಅಂತಾರೆ. ನಾನೇ ತಿಂದೆ ಅಂದ್ಕೊಂಡಿದಾರೆ ನಮ್ಮೂರೋರು" ಎಂದರು. ಆ ಮಾತಿಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ.

ಚಿಕ್ಕಪ್ಪನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಾನು ಶನಿವಾರ ರಾತ್ರೀನೇ ಎರಡು ಸಾವಿರ ಕಳಿಸಿದ್ದೆ ಕಣಮ್ಮ" ಎಂದರು. 1930ಕ್ಕೆ ಫೋನ್ ಮಾಡಿಸಿದೆ, ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೇವೋ, ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯುವ ಅವಕಾಶ ಅಷ್ಟು ಹೆಚ್ಚು. ನಾವು ಎರಡು ದಿನ ತಡ ಮಾಡಿದ್ದೆವು. ದೂರಿನ ಸಂಖ್ಯೆ ಸಿಕ್ಕಿದೆ, ಹಣ ಇನ್ನೂ ಬಂದಿಲ್ಲ.

ಹುಂಡಿಯಲ್ಲಿ 1,265 ರೂಪಾಯಿ ಇತ್ತು. ಅದಕ್ಕೆ ನಮ್ಮದೂ ಸೇರಿಸಿ ಆಸ್ಪತ್ರೆಯ ಖಾತೆಗೇ ಕಟ್ಟಿದೆವು, ನೋಂದಣಿ ಸಂಖ್ಯೆ ಬರೆದು. ಹುಡುಗನ ಹೆಸರಿನಲ್ಲೇ ರಸೀದಿ ಬಂತು. ಆದರೆ ಹೀಗೆ ಕಟ್ಟಿದ ಹಣ ಆಸ್ಪತ್ರೆಯ ಬಿಲ್ಲಿಗಷ್ಟೇ ಆಗುತ್ತದೆ. ಅಪ್ಪ ಅಮ್ಮ ತಂಗಿರುವ ರೂಮಿನ ಬಾಡಿಗೆ, ಊಟ, ಬಸ್ಸಿನ ಖರ್ಚಿಗೆ ಆಗುವುದಿಲ್ಲ. ಆ ಅಪ್ಪನ ಜೊತೆ ಮಾತಾಡಿಯಾಗಿದ್ದರಿಂದ ಸ್ವಲ್ಪ ಹಣವನ್ನು ಅವರ ಖಾತೆಗೇ ಕಳಿಸಿದೆ, ತೆರೆಯ ಮೇಲೆ ಬಂದ ಹೆಸರನ್ನು ಎರಡು ಸಲ ಓದಿ.

ರಸೀದಿಯ ಚಿತ್ರವನ್ನೂ ಸರಿಯಾದ ಮನವಿಯನ್ನೂ ಚಿಕ್ಕಪ್ಪನೇ ಗುಂಪಿಗೆ ಹಾಕಿದರು. ಮಗಳು ಹೊಸ ಹುಂಡಿ ಕೊಡಿಸು ಎಂದು ದುಂಬಾಲು ಬಿದ್ದಿದ್ದಾಳೆ.