ಸರ್, ಕೆಪಿ ಎಷ್ಟು ಇಡ್ಬೇಕು?

ಕೊನೆಯ ವರ್ಷದ ಪ್ರಾಜೆಕ್ಟ್ ಶುರುವಾದರೆ ಪ್ರೊಫೆಸರುಗಳಿಗೆ ಒಂದೇ ತರಹದ ಪತ್ರಗಳು ಹೋಗ್ತವೆ: “ಸರ್, ನಮ್ಮ ಡ್ರೋನ್ ಒಂದು ಎತ್ತರದಲ್ಲಿ ನಿಲ್ತಾ ಇಲ್ಲ. ಪಿಐಡಿ ಬೆಲೆಗಳು ಎಷ್ಟಿರಬೇಕು, ದಯವಿಟ್ಟು ಮಾರ್ಗದರ್ಶನ ಮಾಡಿ.” ಇಂಥ ಪತ್ರಕ್ಕೆ ಎಷ್ಟೇ ದೊಡ್ಡ ಪ್ರೊಫೆಸರ್ ಆದರೂ ಉತ್ತರ ಕೊಡೋಕಾಗಲ್ಲ ಅನ್ನೋದು ನಮ್ಮ ತಂಡದ ಅಭಿಪ್ರಾಯ. ಯಾಕೆಂದರೆ ಡ್ರೋನ್ ಕೆಳಗಿಳೀತು ಅನ್ನೋದು ಕಾಯಿಲೆಯ ಹೆಸರಲ್ಲ, ಬರೀ ಜ್ವರ.

ನಮ್ಮದೇ ಕೆಲಸ ನೋಡಿ. ಹೆಗ್ಗೋಡಿನ ಕಡೆ ಮಳೆಗಾಲ ಅಂದರೆ ಅಡಿಕೆಗೆ ಕೊಳೆ ರೋಗದ ಕಾಲ. ಬೋರ್ಡೋ ದ್ರಾವಣ ಹೊಡೆಯೋಕೆ ಮರ ಹತ್ತುವವರು ಸಿಗೋದೇ ಕಷ್ಟ. ಸಿಕ್ಕಿದ ದಿನ ಯಾವ ಮರಕ್ಕೆ ಮೊದಲು ಹತ್ತಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಅದಕ್ಕೇ ನಮ್ಮದು 1.2 ಕಿಲೋ ತೂಕದ ಸಣ್ಣ ಕ್ವಾಡ್‌ಕಾಪ್ಟರ್. ಮಳೆ ಬಿಟ್ಟ ಹೊತ್ತಲ್ಲಿ ತೋಟದ ಅಂಚಿನಲ್ಲಿ ನಿಂತು ಕೊನೆಗಳ ಫೋಟೋ ತೆಗೆಯಬೇಕು. ಎತ್ತರ ಅರ್ಧ ಮೀಟರ್ ತಪ್ಪಿದರೆ ಕೊನೆಯ ಬದಲು ಬರೀ ಮರದ ಕಾಂಡ ಸಿಗುತ್ತೆ.

ಹತ್ತು ನಿಮಿಷ ಹಾರಿಸಿದರೆ ಅದು ಸುಮಾರು ಒಂದು ಮೀಟರ್ ಕೆಳಗೆ ಜಾರುತ್ತೆ. ಇದಕ್ಕೆ ಇಬ್ಬರು ಆರೋಪಿಗಳು.

ಮೊದಲನೆಯದು ಬ್ಯಾಟರಿ. ಮೂರು ಸೆಲ್‌ನ ಬ್ಯಾಟರಿ ತುಂಬಿದಾಗ 12.6 ವೋಲ್ಟ್, ಬಳಸ್ತಾ ಬಳಸ್ತಾ 10.8ಕ್ಕೆ ಇಳೀತು ಅಂದ್ಕೊಳ್ಳಿ. ಥ್ರಾಟಲ್ ಅಷ್ಟೇ ಇದ್ದರೆ ಫ್ಯಾನಿನ ವೇಗ ಹೆಚ್ಚುಕಮ್ಮಿ ವೋಲ್ಟೇಜ್ ಜೊತೆ ಇಳಿಯುತ್ತೆ. ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಇರೋದರಿಂದ ಅದು ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ಕಡಿಮೆಯಾಗುತ್ತೆ. ಮೊದಲು 45% ಥ್ರಾಟಲ್‌ನಲ್ಲಿ ನಿಲ್ಲುತ್ತಿದ್ದದ್ದಕ್ಕೆ ಈಗ 52.5% ಬೇಕು. ಇಂಟಿಗ್ರಲ್ ತೀರಾ ಸಣ್ಣದಿದ್ದರೆ ಈ ಕೊರತೆ ತುಂಬೋಕೆ ತಡವಾಗುತ್ತೆ, ಡ್ರೋನ್ ಜಾರುತ್ತೆ.

ಎರಡನೆಯದು ಎತ್ತರ ಅಳೆಯುವ ಬ್ಯಾರೊಮೀಟರ್. ಅದು ನೋಡೋದು ನೆಲವನ್ನಲ್ಲ, ಗಾಳಿಯ ಒತ್ತಡವನ್ನು. ನಮ್ಮ ಮಲೆನಾಡಿನ ಎತ್ತರದಲ್ಲಿ ಒಂದು ಮೀಟರ್ ಮೇಲೇರಿದರೆ ಒತ್ತಡ ಸುಮಾರು 11 ಪ್ಯಾಸ್ಕಲ್ ಕಡಿಮೆಯಾಗುತ್ತೆ. ಆದರೆ ಒತ್ತಡ ತಾನಾಗಿಯೂ ಬದಲಾಗುತ್ತೆ. ನಮ್ಮಂಥ ಉಷ್ಣವಲಯದಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಅದು ದಿನಾಲೂ ಇಳೀತಾ ಹೋಗುತ್ತೆ. ಆ ಆರು ಗಂಟೆಯಲ್ಲಿ 300–400 ಪ್ಯಾಸ್ಕಲ್ ಇಳಿದರೆ ಹತ್ತು ನಿಮಿಷಕ್ಕೆ ಸುಮಾರು ಹತ್ತು ಪ್ಯಾಸ್ಕಲ್, ಅಂದರೆ ಹತ್ತಿರ ಹತ್ತಿರ ಒಂದು ಮೀಟರ್! ಡ್ರೋನ್ “ನಾನು ಮೇಲೆ ಹೋದೆ” ಅಂದ್ಕೊಂಡು ಶಿಸ್ತಾಗಿ ಕೆಳಗಿಳಿಯುತ್ತೆ.

ಕೆಳಗೆ ನಿಂತು ನೋಡೋರಿಗೆ ಎರಡೂ ಒಂದೇ. ಬೇರೆ ಮಾಡಿ ತೋರಿಸೋದು ಲಾಗ್ ಮಾತ್ರ. ಆರ್ಡುಪೈಲಟ್ ಬಳಸುವವರು `CTUN` ಅಡಿಯಲ್ಲಿ `DAlt` (ಬೇಕಾದ ಎತ್ತರ), `Alt` (ತಾನಿದ್ದೇನೆ ಅಂದ್ಕೊಂಡ ಎತ್ತರ), `ThO` (ಮೋಟಾರಿಗೆ ಹೋದ ಥ್ರಾಟಲ್) ಈ ಮೂರು ಗೆರೆ ಒಟ್ಟಿಗೆ ಹಾಕಿ ನೋಡಲಿ. `ThO` ಏರುತ್ತಿದ್ದರೂ `Alt` ಗೆರೆ `DAlt` ಕೆಳಗೆ ಜಾರಿದ್ದರೆ ತಪ್ಪು ಬಲದ್ದು, ಇಲ್ಲವೇ ಟ್ಯೂನಿಂಗ್‌ನದ್ದು. ಎರಡೂ ಗೆರೆ ಅಂಟಿಕೊಂಡೇ ಇದ್ದು, ಡ್ರೋನ್ ಮಾತ್ರ ಕಣ್ಣೆದುರೇ ಇಳಿದಿದ್ದರೆ ಕಂಟ್ರೋಲರ್ ನಿರಪರಾಧಿ. ಸುಳ್ಳು ಹೇಳ್ತಿರೋದು ಸೆನ್ಸರ್. ಆಗ ಕೆಪಿಯನ್ನು ಎಷ್ಟು ತಿರುಗಿಸಿದರೂ ಡ್ರೋನ್ ಆ ಸುಳ್ಳನ್ನೇ ಇನ್ನಷ್ಟು ಚುರುಕಾಗಿ ಪಾಲಿಸುತ್ತೆ, ಅಷ್ಟೇ.

ಆದ್ದರಿಂದ ನಮ್ಮ ತಂಡ ಗೈಡ್‌ಗೆ ಬರೆದ ಪತ್ರ ಹೀಗಿದೆ:

“ಸರ್, ನಮಸ್ಕಾರ. ಮಧ್ಯಾಹ್ನದ ಹಾರಾಟದ ಲಾಗ್ ಲಗತ್ತಿಸಿದ್ದೇವೆ. ಅಡಿಕೆ ಮರಕ್ಕೆ ಕಟ್ಟಿದ ಕೆಂಪು ಟೇಪಿನ ಎದುರು ನಿಲ್ಲಿಸಿದ್ದೆವು. ಹತ್ತು ನಿಮಿಷದಲ್ಲಿ ಸುಮಾರು ಒಂದು ಮೀಟರ್ ಇಳಿದಿದೆ, ಆದರೆ `Alt`, `DAlt` ಗೆರೆಗಳು ಬೇರೆಯಾಗಿಲ್ಲ. ಹೊರಟ ಜಾಗಕ್ಕೇ ಇಳಿಸಿ, ಮೋಟಾರ್ ಆಫ್ ಮಾಡುವ ಮೊದಲು ನೋಡಿದರೆ ನೆಲದ ಮೇಲಿದ್ದರೂ ಎತ್ತರ ಹೆಚ್ಚುಕಮ್ಮಿ ಒಂದು ಮೀಟರ್ ಅಂತ ತೋರಿಸ್ತಿತ್ತು. ಹಾಗಾಗಿ ಪಿಐಡಿ ಮುಟ್ಟಿಲ್ಲ. ಕೆಳಮುಖದ ಲೇಸರ್ ಸೆನ್ಸರ್ ಯೋಚಿಸಿದೆವು. ಆದರೆ ತೋಟದಲ್ಲಿ ಅದರ ಕಿರಣ ಒಮ್ಮೆ ಬಾಳೆ ಎಲೆಗೆ, ಒಮ್ಮೆ ಏಲಕ್ಕಿ ಹಿಂಡಿಗೆ, ಒಮ್ಮೆ ನೆಲಕ್ಕೆ ಬಿದ್ದು ಎತ್ತರ ಮೀಟರುಗಟ್ಟಲೆ ಹಾರುತ್ತೆ. ಬದಲಿಗೆ ಅದೇ ಮಾದರಿಯ ಇನ್ನೊಂದು ಬ್ಯಾರೊಮೀಟರನ್ನು ಮರದ ಬುಡದಲ್ಲಿ ಗಾಳಿ ತಾಗದಂತೆ ಇಟ್ಟು, ಅಲ್ಲಿ ಆದ ಒತ್ತಡದ ಬದಲಾವಣೆಯನ್ನು ರೇಡಿಯೋದಲ್ಲಿ ಕಳಿಸಿ ಕಳೆಯಬೇಕೆಂದಿದ್ದೇವೆ. ಒತ್ತಡ ನಿಧಾನಕ್ಕೆ ಬದಲಾಗೋದರಿಂದ ಸೆಕೆಂಡಿಗೆ ಒಂದು ಸಲ ಕಳಿಸಿದರೆ ಸಾಕು ಅನ್ನಿಸುತ್ತೆ. ನಮಗೆ ಬಗೆಹರಿಯದಿರೋದು ಇಷ್ಟು: ನಡುವೆ ರೇಡಿಯೋ ಸಂಪರ್ಕ ಒಂದು ನಿಮಿಷ ಕಡಿದು ಮತ್ತೆ ಬಂದರೆ ತಿದ್ದುಪಡಿ ಒಮ್ಮೆಲೇ ಬದಲಾಗಿ ಡ್ರೋನ್ ಜಿಗಿಯಬಹುದು. ಹೊಸ ಬೆಲೆಯನ್ನು ಎಷ್ಟು ನಿಧಾನಕ್ಕೆ ಒಳಗೆ ಬಿಡಬೇಕು ಅಂತ ಯಾವ ಲೆಕ್ಕದಿಂದ ತೀರ್ಮಾನಿಸೋದು, ಸರ್?”